ಲಂಡನ್ ಇಳಿಯುತ್ತಿದೆ, ಓಪನ್ ಇಂಟರೆಸ್ಟ್ ಏರುತ್ತಿದೆ: ಸಿಕ್ಕಿಬಿದ್ದವರು ಯಾರು?

ಪ್ರಶ್ನೆ: ಸರ್, ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ತೋಟ. ಈ ಸಲ ರೋಬಸ್ಟಾ ಚೆರಿ 190 ಚೀಲ ಒಣಗಿಸಿ ಇಟ್ಟಿದ್ದೇನೆ. ಲಂಡನ್ ಬೆಲೆ ಒಂದು ವಾರದಿಂದ ಇಳೀತಾ ಇದೆ. ಮಗ ಮೊಬೈಲ್ ನೋಡಿ, "ಓಪನ್ ಇಂಟರೆಸ್ಟ್ ಏರ್ತಿದೆ ಅಪ್ಪಾ, ಇದು ಶಾರ್ಟ್ ಬಿಲ್ಡಪ್. ಮಾರ್ಜಿನ್ ಮೇಲೆ ಶಾರ್ಟ್ ಮಾಡಿದೋರೆಲ್ಲ ಸಿಕ್ಕಿಬೀಳ್ತಾರೆ, ಬೆಲೆ ಹಾರುತ್ತೆ, ಕಾಯೋಣ" ಅಂತಾನೆ. ಹೂಮಳೆ ತನಕ ಇಟ್ಟುಕೊಳ್ಳಲಾ? ಸ್ಟಾಕ್ ಮೇಲೆ ಬ್ಯಾಂಕ್ ಸಾಲವೂ ಇದೆ.

ಉತ್ತರ: ನಿಮ್ಮ ಮಗ ನೋಡಿದ್ದು ಸರಿ, ಓದಿದ್ದು ಅರ್ಧ. ಉಳಿದ ಅರ್ಧ ನಿಮ್ಮ ಪ್ರಶ್ನೆಯ ಕೊನೇ ಸಾಲಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಓಪನ್ ಇಂಟರೆಸ್ಟ್ ಅಂದರೆ ಲಂಡನ್ ಎಕ್ಸ್‌ಚೇಂಜ್‌ನಲ್ಲಿ ಇನ್ನೂ ತೀರದೆ ಉಳಿದಿರುವ ಮುಂಗಡ ಒಪ್ಪಂದಗಳ ಎಣಿಕೆ. ನೀವು ಗೋಣಿಕೊಪ್ಪಲಿನ ಒಬ್ಬ ವ್ಯಾಪಾರಿಗೆ, ಮಾರ್ಚ್‌ನಲ್ಲಿ ಇಷ್ಟು ಕಾಫಿ ಇಂಥ ಬೆಲೆಗೆ ಕೊಡುತ್ತೇನೆ ಅಂತ ಚೀಟಿ ಬರೆದುಕೊಟ್ಟಿರಿ ಅನ್ನಿ. ಎಣಿಕೆ ಒಂದು. ಅವರು ಆ ಚೀಟಿಯನ್ನು ಕುಶಾಲನಗರದ ಇನ್ನೊಬ್ಬರಿಗೆ ದಾಟಿಸಿದರು. ವ್ಯಾಪಾರ ಎರಡು ಸಲ ನಡೆಯಿತು, ಎಣಿಕೆ ಮಾತ್ರ ಒಂದೇ. ಆ ಇನ್ನೊಬ್ಬರೂ ನೀವೂ ಕೂತು ಲೆಕ್ಕ ಮುಗಿಸಿ ಚೀಟಿ ಹರಿದರೆ ಎಣಿಕೆ ಸೊನ್ನೆ. ಹಾಗಾಗಿ ಇದು ಏರಬೇಕಾದರೆ ಹೊಸದಾಗಿ ಒಬ್ಬ ಕೊಳ್ಳುವವನೂ ಬರಬೇಕು, ಹೊಸದಾಗಿ ಒಬ್ಬ ಮಾರುವವನೂ ಬರಬೇಕು. ಕೊಂಡವನದು ಲಾಂಗ್, ಮಾರಿದವನದು ಶಾರ್ಟ್. ಬರೀ ಶಾರ್ಟ್ ಏರುವುದು ಅಂತ ಇಲ್ಲವೇ ಇಲ್ಲ. ಪ್ರತಿ ಶಾರ್ಟ್‌ನ ಎದುರಿಗೂ ಒಂದು ಲಾಂಗ್ ಇದ್ದೇ ಇರುತ್ತದೆ.

ಮತ್ತೆ 'ಶಾರ್ಟ್ ಬಿಲ್ಡಪ್' ಅನ್ನುವ ಹೆಸರು ಯಾಕೆ ಬಂತು? ಬೆಲೆ ಇಳಿಯುತ್ತಿದೆ ಅಂದರೆ ಅವಸರ ಮಾರುವವನದು, ಕಡಿಮೆ ಬೆಲೆಗೂ ಒಪ್ಪಿಕೊಂಡು ಕೊಡುತ್ತಿದ್ದಾನೆ ಅನ್ನುವ ಊಹೆ. ಊಹೆ ಕೆಟ್ಟದ್ದೇನಲ್ಲ. ಆದರೆ ಎದುರಿಗೆ ಕೂತು ಕೊಂಡವನನ್ನು ಅದು ಮರೆತುಬಿಡುತ್ತದೆ. ಅವನೂ ಸ್ವಲ್ಪವೇ ದುಡ್ಡು ಇಟ್ಟು, ಅಂದರೆ ಮಾರ್ಜಿನ್ ಮೇಲೇ ಕೊಂಡಿರಬಹುದು, ಅಲ್ವಾ?

ಒಂದು ಲೆಕ್ಕ ಹಾಕೋಣ. ಲಂಡನ್ ರೋಬಸ್ಟಾದ ಒಂದು ಲಾಟ್ ಅಂದರೆ 10 ಟನ್ ಕ್ಲೀನ್ ಕಾಫಿ. ನಿಮ್ಮ ಚೀಲ 50 ಕೆ.ಜಿ., ಔಟ್‌ಟರ್ನ್, ಅಂದರೆ ಒಂದು ಚೀಲ ಚೆರಿಗೆ ಸಿಗುವ ಕ್ಲೀನ್ ಕಾಫಿ, 26 ಕೆ.ಜಿ. ಅಂತ ಇಟ್ಟುಕೊಂಡರೆ 190 ಚೀಲಕ್ಕೆ 4,940 ಕೆ.ಜಿ. ಅಂದರೆ ನಿಮ್ಮ ಗೋಡೌನಿನಲ್ಲಿ ಇರುವುದು ಹತ್ತಿರ ಹತ್ತಿರ ಅರ್ಧ ಲಾಟ್. ಇನ್ನು ಮುಂದಿನ ಅಂಕಿಗಳು ಉದಾಹರಣೆಗೆ ನಾನು ಇಟ್ಟುಕೊಂಡವು. ಒಂದು ಮಂಗಳವಾರ ಟನ್ನಿಗೆ 4,000 ಡಾಲರ್, ಓಪನ್ ಇಂಟರೆಸ್ಟ್ 80,000 ಲಾಟ್. ಮುಂದಿನ ಮಂಗಳವಾರ ಬೆಲೆ 3,760, ಓಪನ್ ಇಂಟರೆಸ್ಟ್ 86,000. ವಾರದಲ್ಲಿ 6,000 ಲಾಟ್ ಹೊಸದಾಗಿ ಸೇರಿವೆ. ಇವೆಲ್ಲ ಸರಾಸರಿ 3,900ರ ಹತ್ತಿರ ಆದ ವ್ಯಾಪಾರ ಅಂದುಕೊಳ್ಳಿ.

3,900ರಲ್ಲಿ ಒಂದು ಲಾಟ್‌ನ ಬೆಲೆ 39,000 ಡಾಲರ್. ಆದರೆ ಕೊಂಡವನು ಅಷ್ಟೂ ದುಡ್ಡು ಕಟ್ಟುವುದಿಲ್ಲ. ಮಾರ್ಜಿನ್ ಅಂತ 4,000 ಡಾಲರ್ ಇಟ್ಟಿದ್ದಾನೆ ಅನ್ನೋಣ. ಈಗ ಬೆಲೆ 3,760. ಟನ್ನಿಗೆ 140 ಹೋಯಿತು, 10 ಟನ್ನಿಗೆ 1,400. ಬೆಲೆ ಇಳಿದದ್ದು ನೂರಕ್ಕೆ ನಾಲ್ಕೂ ಇಲ್ಲ, ಅವನು ಇಟ್ಟ ದುಡ್ಡಿನಲ್ಲಿ ನೂರಕ್ಕೆ 35 ಹೋಗಿದೆ. ಇದು ಕಾಗದದ ಮೇಲಿನ ನಷ್ಟ ಅಲ್ಲ, ದಿನದ ಲೆಕ್ಕ ದಿನ ತುಂಬಬೇಕು. ತುಂಬದಿದ್ದರೆ ಬ್ರೋಕರ್ ಕೇಳದೇ ಮಾರಿಬಿಡುತ್ತಾನೆ. ಎದುರಿಗಿರುವ ಶಾರ್ಟ್ ಸದ್ಯಕ್ಕೆ ಅದೇ 1,400 ಗಳಿಸಿ ಆರಾಮಾಗಿದ್ದಾನೆ. ಬೆಲೆ 3,900 ದಾಟಿದರೆ ಬೆವರುವ ಸರದಿ ಅವನದು.

ಈಗ ನಿಮ್ಮ ಮಗನ ಮಾತನ್ನು ಇದಕ್ಕೆ ಹೋಲಿಸಿ ನೋಡಿ. ಬೆಲೆ ಬಿದ್ದು ಓಪನ್ ಇಂಟರೆಸ್ಟ್ ಏರಿದ ಮರುದಿನ ಸಿಕ್ಕಿಬಿದ್ದಿರುವವನು ಶಾರ್ಟ್ ಅಲ್ಲ, ಲಾಂಗ್. ಹೊಸ ಲಾಂಗ್ ಜೊತೆಗೆ 4,000ದ ಮೇಲೆ ಕೊಂಡ ಹಳೇ ಲಾಂಗ್ ಕೂಡ. ಇನ್ನೊಂದು 100 ಡಾಲರ್ ಇಳಿದರೆ ಇವರಲ್ಲಿ ಒಂದಷ್ಟು ಜನ ಕೈಬಿಡುತ್ತಾರೆ. ಅವರು ಮಾರಿದ್ದಕ್ಕೇ ಬೆಲೆ ಮತ್ತೆ ಇಳಿಯುತ್ತದೆ. ಹಾಗೆ ಆದದ್ದು ಗೊತ್ತಾಗುವುದು ಹೀಗೆ: ಬೆಲೆ ಜೋರಾಗಿ ಬೀಳುತ್ತದೆ, ಜೊತೆಗೆ ಓಪನ್ ಇಂಟರೆಸ್ಟೂ ಇಳಿಯುತ್ತದೆ. ಮಗ ಹೇಳುವ ಏರಿಕೆ ಬರಬೇಕಾದರೆ ಮೊದಲು ಏನೋ ಒಂದು ಕಾರಣಕ್ಕೆ ಬೆಲೆ ಮೇಲಕ್ಕೆ ತಿರುಗಬೇಕು. ಬ್ರೆಜಿಲ್‌ನಲ್ಲಿ ಒಣ ಹವೆಯೋ, ವಿಯೆಟ್ನಾಂ ರೈತ ಮಾರುವುದು ನಿಲ್ಲಿಸುವುದೋ, ಏನೋ ಒಂದು. ಆಗ ಶಾರ್ಟ್‌ಗಳು ವಾಪಸ್ ಕೊಳ್ಳುತ್ತಾರೆ, ಬೆಲೆ ಏರುತ್ತದೆ, ಓಪನ್ ಇಂಟರೆಸ್ಟ್ ಇಳಿಯುತ್ತದೆ. ಏರಿದ ಓಪನ್ ಇಂಟರೆಸ್ಟ್ ಹೇಳುವುದು ಒಲೆಗೆ ಸೌದೆ ಜಾಸ್ತಿ ಬಿದ್ದಿದೆ ಅಂತ ಮಾತ್ರ. ಕಡ್ಡಿ ಗೀರುವವರು ಯಾರು ಅಂತ ಅದು ಹೇಳುವುದಿಲ್ಲ.

ಇನ್ನೊಂದು ಮಾತು. ಶಾರ್ಟ್ ಮಾಡಿದವರೆಲ್ಲ ಸಟ್ಟಾ ಆಡುವವರು ಅನ್ನುವುದು ನಮ್ಮ ಕಡೆ ಬೇರು ಬಿಟ್ಟ ನಂಬಿಕೆ. ವಿಯೆಟ್ನಾಂ ಕೊಯ್ಲು ಅಕ್ಟೋಬರ್‌ನಲ್ಲಿ ಶುರುವಾಗಿ ಜನವರಿ ತನಕ ಇರುತ್ತದೆ, ಅದರ ಹಿಂದೆಯೇ ನಮ್ಮದು. ಈ ತಿಂಗಳುಗಳಲ್ಲಿ ರೈತರಿಂದ ಕಾಫಿ ಕೊಂಡ ರಫ್ತುದಾರ, ಅದನ್ನು ಹಡಗಿಗೆ ಹಾಕುವಷ್ಟರಲ್ಲಿ ಬೆಲೆ ಬಿದ್ದರೆ ಕಷ್ಟ ಅಂತ ಲಂಡನ್‌ನಲ್ಲಿ ಅಷ್ಟೇ ಲಾಟ್ ಮಾರಿ ಇಡುತ್ತಾನೆ. ಇದು ಹೆಡ್ಜ್. ಇವನ ಶಾರ್ಟ್ ಹಿಂದೆ ಗೋಡೌನ್ ತುಂಬ ಕಾಫಿ ಇದೆ. ಬೆಲೆ 100 ಡಾಲರ್ ಏರಿತು ಅಂತ ಇವನು ಗಾಬರಿಯಿಂದ ಓಡುವುದಿಲ್ಲ, ಕಾಫಿ ಮಾರಾಟವಾದ ಹಾಗೆ ನಿಧಾನಕ್ಕೆ ವಾಪಸ್ ಕೊಳ್ಳುತ್ತಾನೆ. ಕೊಯ್ಲಿನ ಕಾಲದಲ್ಲಿ ಬೆಲೆ ಇಳಿದು ಓಪನ್ ಇಂಟರೆಸ್ಟ್ ಏರಿದರೆ ನಾನು ಮೊದಲು ಅನುಮಾನ ಪಡುವುದು ಇವನ ಮೇಲೆಯೇ.

ಹಾಗಂತ ಹೆಡ್ಜ್ ಮಾಡಿದವನು ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ಅವನೂ ಮಾರ್ಜಿನ್ ತುಂಬಲೇಬೇಕು. 2024ರಲ್ಲಿ ಕಾಫಿ ಬೆಲೆ ಒಂದೇ ಸಮ ಏರಿದಾಗ ಬ್ರೆಜಿಲ್‌ನ ಎರಡು ರಫ್ತು ಕಂಪನಿಗಳು ವರ್ಷದ ಕೊನೆಗೆ ಸಾಲಗಾರರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋದವು. ಹೆಡ್ಜ್ ಮೇಲಿನ ಮಾರ್ಜಿನ್ ತುಂಬಿ ಸುಸ್ತಾಗಿದ್ದವು. ಆದರೆ ಅದು ತಿಂಗಳುಗಟ್ಟಲೆ ಏರಿದ ಮೇಲೆ ಆದದ್ದು. ನೀವು ಒಂದು ವಾರದ ಮಾತು ಆಡುತ್ತಿದ್ದೀರಿ.

ಹಾಗಾದರೆ ಮಾರಿದವನು ರಫ್ತುದಾರನೋ, ಸಟ್ಟಾ ಆಡುವ ಫಂಡೋ, ತಿಳಿಯುವುದು ಹೇಗೆ? ವಾರಕ್ಕೊಮ್ಮೆ ಎಕ್ಸ್‌ಚೇಂಜ್ ಒಂದು ವರದಿ ಹಾಕುತ್ತದೆ, ಹೆಸರು Commitments of Traders. ಮಂಗಳವಾರದ ಲೆಕ್ಕ ಶುಕ್ರವಾರ ಸಿಗುತ್ತದೆ. ಅದರಲ್ಲಿ Producer/Merchant ಅನ್ನುವ ಸಾಲು ಕಾಫಿ ವ್ಯಾಪಾರದವರದು, Managed Money ಅನ್ನುವುದು ಫಂಡ್‌ಗಳದು. ನಮ್ಮ 6,000 ಲಾಟ್‌ನಲ್ಲಿ ವ್ಯಾಪಾರದವರ ಶಾರ್ಟ್ 4,500 ಏರಿ, ಫಂಡ್‌ಗಳ ಶಾರ್ಟ್ 1,500 ಮಾತ್ರ ಏರಿದ್ದರೆ ಮಗ ಕಾಯುತ್ತಿರುವ ಪಟಾಕಿಯಲ್ಲಿ ಮದ್ದು ಕಮ್ಮಿ. ಫಂಡ್‌ಗಳ ಶಾರ್ಟೇ 4,500 ಏರಿದ್ದರೆ ಅವನ ಮಾತಿಗೆ ಬೆಲೆ ಇದೆ. ಇನ್ನೊಂದನ್ನು ತಪ್ಪದೆ ನೋಡಲು ಹೇಳಿ: ಫಂಡ್‌ಗಳ ಲಾಂಗ್ ಎಷ್ಟು ಉಳಿದಿದೆ ಅಂತ. ಬೆಲೆ ಇಷ್ಟು ಬಿದ್ದರೂ ಆ ಲಾಂಗ್ ಕರಗಿಲ್ಲ ಅಂದರೆ ನನಗೆ ಭಯ ಆಗುವುದು ಅಲ್ಲಿ. ಮಾರಬೇಕಾದವರು ಇನ್ನೂ ಒಳಗೇ ಕೂತಿದ್ದಾರೆ ಅಂತ ಅರ್ಥ.

ಇಷ್ಟೆಲ್ಲ ಹೇಳುವ ನಾನೇ ಒಮ್ಮೆ ಚೆನ್ನಾಗಿ ಎಡವಿದ್ದೇನೆ. ರಫ್ತು ಕಂಪನಿಯೊಂದರಲ್ಲಿ ಹೊಸದಾಗಿ ಸೇರಿದ್ದ ಕಾಲ, ಫೆಬ್ರವರಿ. ಲಂಡನ್ ರೋಬಸ್ಟಾದ ಒಪ್ಪಂದ ತೀರುವ ತಿಂಗಳುಗಳು ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್. ನಾನು ಮೇ ತಿಂಗಳದ್ದನ್ನು ಮಾತ್ರ ನೋಡುತ್ತಿದ್ದೆ. ಬೆಲೆ ಇಳಿಯುತ್ತಿದೆ, ಓಪನ್ ಇಂಟರೆಸ್ಟ್ ದಿನಾ ಸಾವಿರಗಟ್ಟಲೆ ಏರುತ್ತಿದೆ. ಭಾರೀ ಶಾರ್ಟ್ ಬಿಲ್ಡಪ್ ಅಂತ ಟಿಪ್ಪಣಿ ಬರೆದು ಮೇಲಿನವರ ಮೇಜಿನ ಮೇಲಿಟ್ಟೆ. ಅವರು ಓದಿ, ಪೆನ್ನು ತೆಗೆದು, ಪಕ್ಕದಲ್ಲಿ ಮಾರ್ಚ್ ತಿಂಗಳಿನ ಅಂಕಿ ಬರೆದು ಸುಮ್ನೆ ನನ್ನ ಕಡೆ ತಳ್ಳಿದರು. ಮಾರ್ಚ್‌ನಲ್ಲಿ ಅಷ್ಟೇ ಇಳಿದಿತ್ತು. ಯಾರೂ ಹೊಸದಾಗಿ ಬಂದಿರಲಿಲ್ಲ. ಮಾರ್ಚ್ ಮುಗಿಯುತ್ತಾ ಬಂತು ಅಂತ ಇದ್ದವರೇ ಮೇಗೆ ದಾಟುತ್ತಿದ್ದರು. ನಿಮ್ಮ ಮಗ ನೋಡಿದ ಅಂಕಿ ಎಲ್ಲ ತಿಂಗಳು ಸೇರಿದ್ದೋ, ಒಂದೇ ತಿಂಗಳಿನದೋ ಅಂತ ಮೊದಲು ಕೇಳಿ. ಒಂದೇ ತಿಂಗಳಿನದಾದರೆ ಮೇಲೆ ಬರೆದದ್ದು ಯಾವುದೂ ಬೇಡ, ಒಟ್ಟು ನೋಡಿಕೊಂಡು ಮತ್ತೆ ಶುರು ಮಾಡಿ. (ಇದರ ನಡುವೆ ಲಂಡನ್‌ನಲ್ಲೇ ನಾಲ್ಕು ಲಾಟ್ ಆಡೋಣ ಅಂತ ಅವನಿಗೆ ಅನಿಸಿದ್ದರೆ ಅದು ಬೇಡ. ಹೊರದೇಶದ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಕಟ್ಟಲು ಇಲ್ಲಿಂದ ದುಡ್ಡು ಕಳಿಸುವುದಕ್ಕೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇಲ್ಲ.)

ಈಗ ನಿಮ್ಮ ಕೊನೇ ಸಾಲು. ಸಾಲ ತೆಗೆದು ಕಾಫಿ ಹಿಡಿದಿದ್ದೀರಿ. ಲಂಡನ್‌ನ ಭಾಷೆಯಲ್ಲಿ ಇದನ್ನೇ ಮಾರ್ಜಿನ್ ಮೇಲಿನ ಲಾಂಗ್ ಅನ್ನುವುದು. ಮಗ ಶಾರ್ಟ್‌ಗಳನ್ನು ಎಣಿಸುತ್ತಿದ್ದಾನೆ, ಎದುರಿನ ಸಾಲಿನಲ್ಲಿ ಅರ್ಧ ಲಾಟ್ ಹಿಡಿದು ನೀವೇ ನಿಂತಿದ್ದೀರಿ. ಒಂದು ವ್ಯತ್ಯಾಸ ಇದೆ, ಅದು ನಿಮಗೆ ಅನುಕೂಲ. ದಿನಾ ಸಂಜೆ ನಿಮ್ಮನ್ನು ಯಾರೂ ದುಡ್ಡು ಕೇಳುವುದಿಲ್ಲ. ಆದರೆ ಸಾಲದ ಗಡುವು ಇದೆ, ಬಡ್ಡಿ ಓಡುತ್ತಿದೆ. ಬೆಲೆ ತೀರಾ ಬಿದ್ದರೆ ಬ್ಯಾಂಕ್‌ನವರು ಒಂದಷ್ಟು ಕಟ್ಟಿ ಅನ್ನಬಹುದು. ಹೂಮಳೆ ಬರದೇ ಸ್ಪ್ರಿಂಕ್ಲರ್ ಹಾಕಬೇಕಾಗಿ ಬಂದರೆ ಡೀಸೆಲ್ ಖರ್ಚು ಬೇರೆ. ಇವೆಲ್ಲ ಒಂದೇ ಹದಿನೈದು ದಿನದಲ್ಲಿ ಬಂದರೆ ಆ ದಿನದ ಬೆಲೆಗೆ, ಅದು ಎಷ್ಟೇ ಇರಲಿ, ಮಾರುತ್ತೀರಿ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಇವತ್ತು ನಿಮ್ಮ ವ್ಯಾಪಾರಿ ಹೇಳುವ ಬೆಲೆಯಲ್ಲಿ, ಅಸಲು ಬಡ್ಡಿ ಎರಡೂ ತೀರಲು ಎಷ್ಟು ಚೀಲ ಬೇಕು ಅಂತ ಲೆಕ್ಕ ಹಾಕಿ. ಲಂಡನ್ ಬೆಲೆ ಹಿಡಿದು ಹಾಕಬೇಡಿ, ಡಾಲರ್ ರೇಟೂ ಇಲ್ಲಿನ ಬೇಡಿಕೆಯೂ ಸೇರಿ ನಮ್ಮ ಬೆಲೆ ಬೇರೆಯೇ ಆಗುತ್ತದೆ. 80 ಚೀಲ ಬೇಕು ಅಂತ ಬಂದರೆ ಆ 80 ಮಾರಿ ಸಾಲ ಮುಗಿಸಿ. ಉಳಿದ 110ಕ್ಕೆ ಯಾರ ಗಡುವೂ ಇಲ್ಲ, ತೇವ ತಾಗದ ಹಾಗೆ ಹಲಗೆ ಮೇಲೆ ಇಟ್ಟು ಹೂಮಳೆ ನೋಡಿ, ಬೇಕಿದ್ದರೆ ಅದರಾಚೆಗೂ ಕಾಯಿರಿ. ಶುಕ್ರವಾರದ ವರದಿ ನೋಡುವ ಕೆಲಸ ಮಗನಿಗೇ ಇರಲಿ. ಫಂಡ್‌ಗಳ ಲಾಂಗ್ ಎಷ್ಟು, ಶಾರ್ಟ್ ಎಷ್ಟು ಅಂತ ನಾಲ್ಕು ವಾರ ಒಂದೇ ಹಾಳೆಯಲ್ಲಿ ಬರೆದಿಟ್ಟು ನಿಮಗೆ ತೋರಿಸಲಿ.