ಆಲ್ಫಾ ಕಡಿಮೆ ಬಂತೆಂದು ಪ್ರಶ್ನೆ ಕಿತ್ತುಹಾಕಬೇಡಿ

ಪ್ರಶ್ನೆ: ಒಂಬತ್ತನೇ ತರಗತಿಯ 30 ಮಕ್ಕಳಿಗೆ ರೋಸೆನ್‌ಬರ್ಗ್ ಆತ್ಮಗೌರವ ಮಾಪಕದ ಕನ್ನಡ ಅನುವಾದ ಕೊಟ್ಟು ಪೂರ್ವಪರೀಕ್ಷೆ ಮಾಡಿದೆ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂದು ತೋರಿಸುವ ಕ್ರಾನ್‌ಬಾಕ್ ಆಲ್ಫಾ 0.41 ಬಂದಿದೆ. ಎರಡು ಮೂರು ಪ್ರಶ್ನೆ ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ. ಯಾವುದನ್ನು ತೆಗೆಯಲಿ? ಅಂಕಗಳ ಹಾಳೆ ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ಯಾವುದನ್ನೂ ತೆಗೆಯಬೇಡಿ. ಈ ಮಾಪಕದ ಹತ್ತು ಹೇಳಿಕೆಗಳಲ್ಲಿ ಐದು ನಕಾರಾತ್ಮಕವಾಗಿವೆ, ಅವುಗಳ ಅಂಕವನ್ನು ತಿರುಗಿಸದೆಯೇ ನೀವು ಕೂಡಿಸಿದ್ದೀರಿ. ತಾನು ಯಾವ ಪ್ರಯೋಜನಕ್ಕೂ ಬಾರದವನು ಎಂಬ ಹೇಳಿಕೆಯನ್ನು ಪೂರ್ತಿ ಒಪ್ಪಿದ ಹುಡುಗನಿಗೆ ನಿಮ್ಮ ಹಾಳೆಯಲ್ಲಿ 4 ಅಂಕ ಸಿಕ್ಕಿದೆ, ಸಿಗಬೇಕಾದದ್ದು 1. ಆ ಐದು ಸಾಲುಗಳಲ್ಲಿ ಪ್ರತಿ ಅಂಕವನ್ನೂ 5ರಿಂದ ಕಳೆದು ಮತ್ತೆ ಲೆಕ್ಕ ಹಾಕಿ. ಕೆಳಗಿನ ಸೂತ್ರದಲ್ಲಿ k ಎಂದರೆ ಪ್ರಶ್ನೆಗಳ ಸಂಖ್ಯೆ, Σs² ಎಂದರೆ ಬಿಡಿ ಪ್ರಶ್ನೆಗಳ ವೇರಿಯನ್ಸ್‌ಗಳ ಮೊತ್ತ, S² ಎಂದರೆ ಒಟ್ಟು ಅಂಕದ ವೇರಿಯನ್ಸ್.

```
α = k/(k−1) × (1 − Σs²/S²)
ಮೊದಲು:   10/9 × (1 − 7.0/11.1) = 0.41
ತಿರುಗಿಸಿ: 10/9 × (1 − 7.0/21.0) = 0.74
```

ಗಮನಿಸಿ, ಬಿಡಿ ಪ್ರಶ್ನೆಗಳ ವೇರಿಯನ್ಸ್‌ಗಳ ಮೊತ್ತವಾದ 7.0 ಕದಲಲಿಲ್ಲ, ಏಕೆಂದರೆ ಅಂಕ ತಿರುಗಿಸಿದರೆ ಅದರ ಹರಹು ಬದಲಾಗುವುದಿಲ್ಲ. ಬದಲಾದದ್ದು ಒಟ್ಟು ಅಂಕದ ವೇರಿಯನ್ಸ್ ಮಾತ್ರ. ತಿರುಗಿಸದಿದ್ದಾಗ ಐದು ಪ್ರಶ್ನೆಗಳು ಉಳಿದ ಐದನ್ನು ಎಳೆದು ಹಿಡಿದಿದ್ದವು.

ಇಷ್ಟಾದ ಮೇಲೂ ಎಂಟನೇ ಹೇಳಿಕೆಯ Corrected Item-Total Correlation, ಅಂದರೆ ಉಳಿದ ಪ್ರಶ್ನೆಗಳ ಮೊತ್ತದೊಂದಿಗೆ ಅದಕ್ಕಿರುವ ಸಹಸಂಬಂಧ, ಸೊನ್ನೆಯ ಹತ್ತಿರವೇ ಉಳಿದಿದೆ. ತನ್ನ ಬಗ್ಗೆ ತನಗೆ ಇನ್ನಷ್ಟು ಗೌರವ ಇರಬೇಕಿತ್ತು ಎಂಬ ಆ ಮಾತು ಬೇರೆ ಭಾಷೆಗಳ ಅನುವಾದಗಳಲ್ಲೂ ಎಡವಿದೆ. ಇಂಥ ಕಡೆ, ಒಂದು ಪ್ರಶ್ನೆ ತೆಗೆದರೆ ಆಲ್ಫಾ ಎಷ್ಟಾಗುತ್ತದೆ ಎಂದು ತೋರಿಸುವ Cronbach's Alpha if Item Deleted ಎಂಬ ಕಾಲಂ ನೋಡಿ ಕತ್ತರಿ ಆಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಐದಾರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಹೇಳಿಕೆಯನ್ನು ಓದಿಸಿ, ಅದರ ಅರ್ಥವನ್ನು ಅವರದೇ ಮಾತಿನಲ್ಲಿ ಹೇಳಲು ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬಳು, "ಎಲ್ಲರೂ ನನಗೆ ಮರ್ಯಾದೆ ಕೊಡ್ಲಿ ಅಂತ ಅಲ್ವಾ ಮಿಸ್, ಅದು ಒಳ್ಳೇದೇ ತಾನೇ?" ಎಂದಿದ್ದಳು. ಅವಳಿಗೆ ಅದು ಕೀಳರಿಮೆಯ ಮಾತಾಗಿ ಕೇಳಿಸಿರಲೇ ಇಲ್ಲ. ತಿದ್ದಬೇಕಾದದ್ದು ಅನುವಾದವನ್ನು, ತಿದ್ದಿದ ಮೇಲೆ ಬೇರೆ ಮಕ್ಕಳಲ್ಲಿ ಮತ್ತೊಮ್ಮೆ ಪರೀಕ್ಷಿಸಿ.

0.74 ಎಂದು ಬೀಗುವುದೂ ಬೇಡ. ಕೇವಲ 30 ಮಕ್ಕಳಿದ್ದಾಗ ಇದರ ಶೇ 95ರ ವಿಶ್ವಾಸಾಂತರ, ಅಂದರೆ ನಿಜವಾದ ಆಲ್ಫಾ ಇರಬಹುದಾದ ವ್ಯಾಪ್ತಿ, ಸುಮಾರು 0.58ರಿಂದ 0.86ರವರೆಗೆ ಚಾಚಿಕೊಳ್ಳುತ್ತದೆ. ಪ್ರಬಂಧದಲ್ಲಿ ಅದನ್ನೂ ಬರೆಯಿರಿ. ಹಣ ಪಡೆದು "0.80 ಮಾಡಿಕೊಡುತ್ತೇವೆ" ಎನ್ನುವ ಅಂಗಡಿಗಳು ಮಾಡುವುದು ವಿಶ್ಲೇಷಣೆಯಲ್ಲ, ಅಂಕ ತಿದ್ದುವ ಕೆಲಸ.

ಪ್ರಶ್ನೆ: ಆಲ್ಫಾ 0.97 ಬಂದಿದೆ, ಅತ್ಯುತ್ತಮ ತಾನೇ?

ಉತ್ತರ: ಒಂದೇ ಪ್ರಶ್ನೆಯನ್ನು ಮಾತು ಬದಲಿಸಿ ಹತ್ತು ಸಲ ಕೇಳಿರಬಹುದು, ಮೊದಲು ಅದನ್ನು ನೋಡಿ.

ಪ್ರಶ್ನೆ: ಪೂರ್ವಪರೀಕ್ಷೆಯ ಮಕ್ಕಳನ್ನು ಮುಖ್ಯ ಅಧ್ಯಯನದಲ್ಲೂ ಎಣಿಸಬಹುದೇ?

ಉತ್ತರ: ಪ್ರಶ್ನಾವಳಿ ತಿದ್ದಿದ್ದರೆ ಖಂಡಿತ ಕೂಡದು.