ಬಿಟ್ಟ ಕ್ಷಣದ α ಕೆಳಗಿನವರೆಗೂ ಇರಲ್ಲ

ಪ್ರಶ್ನೆ: ಒಂದು ತುದಿಗೆ ಹಿಂಜ್ ಹಾಕಿರೋ ಯೂನಿಫಾರ್ಮ್ ರಾಡ್‌ನ ಅಡ್ಡವಾಗಿ ಹಿಡ್ಕೊಂಡು ಬಿಟ್ರೆ, ಬಿಟ್ಟ ತಕ್ಷಣ ಆಂಗ್ಯುಲರ್ ಆಕ್ಸಲರೇಷನ್ ಎಷ್ಟು, ಕೆಳಗೆ ನೆಟ್ಟಗೆ ಬಂದಾಗ ಸ್ಪೀಡ್ ಎಷ್ಟು? ನಾನು α ಕಂಡುಹಿಡಿದು ω² = 2αθ ಗೆ ಹಾಕ್ದೆ, ಬುಕ್ಕಿನ ಆನ್ಸರ್ ಬರ್ತಿಲ್ಲ.

ನಿಮ್ಮ α ಸರಿಯಾಗೇ ಬಂದಿರುತ್ತೆ, ಕೆಟ್ಟಿರೋದು ಆಮೇಲಿನ ಸ್ಟೆಪ್ಪು. ನಾನು ತುಮಕೂರಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್ ಮಾಡ್ತೀನಿ, ಪ್ರತಿ ವರ್ಷ ಈ ಲೆಕ್ಕ ಕೊಟ್ಟಾಗ ಸುಮಾರು ಜನ ಇದೇ ಜಾಗದಲ್ಲಿ ಎಡವ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲು α. ರಾಡ್‌ನ ತೂಕ Mg ನಡುಮಧ್ಯೆ ಎಳೀತಿದೆ ಅನ್ಕೋಬಹುದು, ಹಿಂಜ್‌ನಿಂದ ಅದು L/2 ದೂರ, ಹಾಗಾಗಿ ಟಾರ್ಕ್ MgL/2. ಹಿಂಜ್ ಕೊಡೋ ಬಲಕ್ಕೆ ಹಿಂಜ್ ಸುತ್ತ ಟಾರ್ಕ್ ಇಲ್ಲ, ಅದಕ್ಕೇ ನಾವು ಅದೇ ಪಾಯಿಂಟ್ ಸುತ್ತ ಲೆಕ್ಕ ಹಾಕೋದು. ತುದಿ ಸುತ್ತ ಮೊಮೆಂಟ್ ಆಫ್ ಇನರ್ಷಿಯಾ ML²/3. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ

```
α = (MgL/2) / (ML²/3) = 3g/2L
```

ಈಗ ನಿಮ್ಮ ತೊಂದ್ರೆ. ω² = 2αθ ಅನ್ನೋದು α ಒಂದೇ ಸಮ ಇದ್ರೆ ಮಾತ್ರ ನಡೆಯುತ್ತೆ, ಇಲ್ಲಿ ರಾಡ್ ಕೆಳಗೆ ಇಳೀತಾ ಹೋದ ಹಾಗೆ ತೂಕ ಅಷ್ಟೇ ಇದ್ರೂ ಹಿಂಜ್‌ನಿಂದ ಆ ತೂಕದ ಗೆರೆಗೆ ಇರೋ ಅಡ್ಡ ದೂರ ಕಮ್ಮಿ ಆಗ್ತಾ ಬರುತ್ತೆ, ಅಡ್ಡಗೆರೆಯಿಂದ θ ಇಳಿದಾಗ ಅದು (L/2)cosθ, ನೆಟ್ಟಗೆ ನಿಂತಾಗ ಸೊನ್ನೆ. ಅಂದ್ರೆ α = (3g/2L)cosθ, ಕೆಳಗೆ ಬರೋ ಹೊತ್ತಿಗೆ α ಪೂರ್ತಿ ಖಾಲಿ. ನೀವು ಶುರುವಿನ α ನ ಕೊನೇವರೆಗೂ ಓಡಿಸಿದ್ದಕ್ಕೆ ω² = 3πg/2L, ಹತ್ತಿರತ್ತಿರ 4.7g/L ಬಂದಿರುತ್ತೆ, ಚೆಕ್ ಮಾಡ್ಕೊಳ್ಳಿ.

ಇದಕ್ಕೆ ಎನರ್ಜಿ ದಾರಿನೇ ಸಲೀಸು. ನಡುಬಿಂದು ಇಳಿದಿರೋದು L/2, ಅಷ್ಟು ಪೊಟೆನ್ಷಿಯಲ್ ಎನರ್ಜಿ ಪೂರ್ತಿ ತಿರುಗೋ ಎನರ್ಜಿ ಆಗುತ್ತೆ:

```
MgL/2 = ½ (ML²/3) ω²
ω = √(3g/L)
ತುದಿಯ ಸ್ಪೀಡ್ = ωL = √(3gL)
```

ಎನರ್ಜಿ ಬೇಡ, α ಇಂದಲೇ ಬರಬೇಕು ಅನ್ನೋ ಹಠ ಇದ್ರೆ ω dω = (3g/2L)cosθ dθ ಅಂತ ಬರ್ಕೊಂಡು 0 ಇಂದ 90 ಡಿಗ್ರಿವರೆಗೆ ಇಂಟಿಗ್ರೇಟ್ ಮಾಡಿ, ಅದೇ 3g/L ಬರುತ್ತೆ.

ಇಲ್ಲೇ ಇನ್ನೊಂದು ಗುಂಡಿ ಇದೆ, ಇದನ್ನ ಹೇಳ್ದೆ ಮುಂದೆ ಹೋಗೋಕೆ ಮನಸ್ಸಾಗಲ್ಲ. ತೂಕನ ನಡುಮಧ್ಯೆ ಇಟ್ವಲ್ಲ, ಹಾಗಿದ್ರೆ ಇಡೀ ಮಾಸ್ ಅಲ್ಲೇ ಇದೆ ಅನ್ಕೊಂಡು MgL/2 = ½Mv² ಬರೆದ್ರೆ ಏನಾಗುತ್ತೆ ಅಂತ ಮಕ್ಕಳು ಕೇಳ್ತಾರೆ. ಹಂಗೆ ಮಾಡಿದ್ರೆ ω² = 4g/L ಬರುತ್ತೆ, ತಪ್ಪು. ಟಾರ್ಕಿಗೆ, ಪೊಟೆನ್ಷಿಯಲ್ ಎನರ್ಜಿಗೆ ನಡುಬಿಂದು ಸಾಕು, ಯಾಕಂದ್ರೆ ಅಲ್ಲಿ ದೂರ ಸುಮ್ನೆ ಕೂಡ್ಕೊಂಡು ಹೋಗುತ್ತೆ, ಹತ್ತಿರದ ತುಂಡಿನ ಕೊರತೆನ ದೂರದ ತುಂಡು ತುಂಬುತ್ತೆ. ಕೈನೆಟಿಕ್ ಎನರ್ಜಿಯಲ್ಲಿ ದೂರದ ವರ್ಗ ಬರುತ್ತೆ, ಅಲ್ಲಿ ದೂರದ ತುಂಡಿನ ಕೈ ಮೇಲು, ಅದಕ್ಕೆ ನಡುಬಿಂದು ಲೆಕ್ಕದ ML²/4 ಸಾಲಲ್ಲ, ಮೇಲೆ ML²/12 ಸೇರಿಸಿದ್ರೇನೇ ML²/3 ಆಗೋದು.

ನಂಬರ್ ಹಾಕಿ ನೋಡಿದ್ರೆ ಮನಸ್ಸಿಗೆ ಕೂರುತ್ತೆ. ಒಂದು ಮೀಟರ್ ಸ್ಕೇಲ್ ತಗೊಳ್ಳಿ, g = 9.8. ಬಿಟ್ಟ ಕ್ಷಣ α = 14.7 rad/s², ಕೆಳಗೆ ω = 5.42 rad/s, ತುದಿ ಸ್ಪೀಡ್ 5.42 m/s. ಒಂದು ಕಲ್ಲನ್ನ ಅದೇ ಒಂದು ಮೀಟರ್ ಎತ್ತರದಿಂದ ಸುಮ್ನೆ ಬಿಟ್ರೆ 4.43 ಅಷ್ಟೇ, ಅಂದ್ರೆ ಸ್ಕೇಲಿನ ತುದಿ ಕಲ್ಲಿಗಿಂತ ಜೋರಾಗಿ ಬರುತ್ತೆ! ಆದ್ರೆ ಸ್ಕೇಲಿನ ನಡುಬಿಂದು 2.71, ಅರ್ಧ ಮೀಟರ್ ಬಿದ್ದ ಕಲ್ಲು 3.13, ಅಲ್ಲಿ ಕಲ್ಲೇ ಮುಂದೆ. ಒಳಗಿನ ಭಾಗ ತಾನು ಪಡೀಬೇಕಾಗಿದ್ದ ಎನರ್ಜಿಯಲ್ಲಿ ಸ್ವಲ್ಪನ ಹೊರಗಿನ ಭಾಗಕ್ಕೆ ಕೊಡ್ತಾ ಬರುತ್ತೆ, ಇದೇ ಈ ಲೆಕ್ಕದಲ್ಲಿ ನಂಗೆ ತುಂಬಾ ಇಷ್ಟವಾದ ಸಂಗತಿ.

ಇದನ್ನ ಮನೇಲೇ ನೋಡಬಹುದು. ಬಿಟ್ಟ ಕ್ಷಣ ಹಿಂಜ್‌ನಿಂದ x ದೂರದ ಜಾಗದ ಆಕ್ಸಲರೇಷನ್ αx, ಅದು g ಗೆ ಸಮ ಆಗೋದು x = 2L/3 ಅಲ್ಲಿ, ಮೀಟರ್ ಸ್ಕೇಲಲ್ಲಿ ಸುಮಾರು 67 ಸೆಂಟಿಮೀಟರ್. ಸ್ಕೇಲಿನ ಸೊನ್ನೆ ಇರೋ ತುದಿನ ಟೇಬಲ್ ಅಂಚಿನ ಮೇಲೆ ಸ್ವಲ್ಪ ಇಟ್ಟು, ಇನ್ನೊಂದು ತುದಿನ ಬೆರಳಲ್ಲಿ ಹಿಡಿದು, ಮೇಲೆ 30, 50, 80, 95 ರಲ್ಲಿ ಒಂದೊಂದು ರೂಪಾಯಿ ಕಾಯಿನ್ ಇಟ್ಟು, ಬೆರಳನ್ನ ಪಟ್ ಅಂತ ಕೆಳಗೆಳ್ಕೊಳ್ಳಿ. 80, 95 ರಲ್ಲಿರೋ ಕಾಯಿನ್‌ನ ಸ್ಕೇಲ್ ಮೇಲೇ ಬಿಟ್ಟು ತಾನು ಮುಂದೆ ಹೋಗುತ್ತೆ, 30, 50 ರವು ಶುರುವಲ್ಲಿ ಸ್ಕೇಲಿಗೆ ಅಂಟ್ಕೊಂಡೇ ಇಳಿದು ಆಮೇಲೆ ಜಾರ್ತವೆ. ಹಿಂಜ್ ಇಲ್ದೆ ಹೆಂಗಾಗುತ್ತೆ ಅಂದ್ರೆ, ನಡುಬಿಂದುವಿನ ಆಕ್ಸಲರೇಷನ್ 3g/4, ಹಾಗಾಗಿ ಆಧಾರ ಕೊಡಬೇಕಾದ ಬಲ Mg − 3Mg/4 = Mg/4, ಮೇಲ್ಮುಖ, ಅಂದ್ರೆ ಆ ತುದಿ ಟೇಬಲ್ಲನ್ನ ಒತ್ತಿಕೊಂಡೇ ಇರುತ್ತೆ. ಬೆರಳಿದ್ದಾಗ ಟೇಬಲ್ ಹೊರ್ತಿದ್ದದ್ದು Mg/2, ಬೆರಳು ತೆಗೆದ ಕ್ಷಣ ಅದು ಅರ್ಧಕ್ಕಿಳಿಯುತ್ತೆ. ಈ ಟೇಬಲ್ ಉಪಾಯ ಶುರುವಿನ ಕ್ಷಣಕ್ಕೆ ಮಾತ್ರ, ಸ್ವಲ್ಪ ಇಳಿದ ಮೇಲೆ ತುದಿ ಅಂಚಿಂದ ಜಾರಿಬಿಡುತ್ತೆ.

ಸ್ಕೇಲ್ ಸಿಕ್ಕಿಲ್ಲ ಅಂತ ಅಡಿಕೆ ದಬ್ಬೆ ತಗೋಬೇಡಿ. ಗುಬ್ಬಿ ಕಡೆಯ ಹುಡುಗನೊಬ್ಬ ತೋಟದಿಂದ ತಂದಿದ್ದ, ಬುಡ ದಪ್ಪ ತುದಿ ಸಣ್ಣ ಇರೋ ದಬ್ಬೆ, ದಪ್ಪ ಬುಡನೇ ಆಧಾರದ ಕಡೆ ಇಟ್ಟಿದ್ದ, 60 ರ ಹತ್ತಿರ ಇಟ್ಟ ಕಾಯಿನ್ನೂ ಹಿಂದೆ ಉಳೀತು. ಅದು ತಪ್ಪಲ್ಲ, ಹಾಗಿಟ್ರೆ α 3g/2L ಗಿಂತ ಜಾಸ್ತಿನೇ ಆಗುತ್ತೆ, ML²/3 ಅಲ್ಲಿಗೆ ಅನ್ವಯಿಸಲ್ಲ. ಬೆರಳ ಮೇಲೆ ಇಟ್ಟು ನೋಡಿ, ಸರಿಯಾಗಿ ನಡುಮಧ್ಯೆ ನಿಲ್ಲಲಿಲ್ಲ ಅಂದ್ರೆ ಅದು ಯೂನಿಫಾರ್ಮ್ ಅಲ್ಲ.

ಕೆಳಗಿನ ಸ್ಪೀಡ್‌ಗೆ ನಿಜವಾದ ಹಿಂಜ್ ಬೇಕು. ಸ್ಕೇಲಿನ ಅಂಚಿಂದ 1 ಸೆಂಟಿಮೀಟರ್ ಒಳಗೆ ತೂತು ಹಾಕಿ ಗೋಡೆಯ ಮೊಳೆಗೆ ಸಡಿಲವಾಗಿ ಸಿಕ್ಕಿಸಿ, ತೂತು ಅಷ್ಟು ಒಳಗಿರೋದ್ರಿಂದ ತುದಿ ಸ್ಪೀಡ್ 5.42 ಬದಲು 5.39 ಆಗುತ್ತೆ ಅಷ್ಟೇ. ಕೆಳಗೆ ತುದಿ ಹಾದುಹೋಗೋ ಜಾಗದಲ್ಲಿ ಗೋಡೆಗೆ ಗ್ರಾಫ್ ಶೀಟ್ ಅಂಟಿಸಿ ಮೊಬೈಲಲ್ಲಿ ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಷನ್ ತೆಗೀರಿ. ನೆಟ್ಟಗೆ ಬರೋ ಹೊತ್ತಿನ ಎರಡು ಫ್ರೇಮ್ ನಡುವೆ ತುದಿ ಸುಮಾರು 2.2 ಸೆಂಟಿಮೀಟರ್ ಸರಿದಿರಬೇಕು. ನೀವು ಮಾಡಿದ ಲೆಕ್ಕದ ಪ್ರಕಾರ 2.8 ಆಗಬೇಕಿತ್ತು, ಮಾಸ್ ಎಲ್ಲಾ ನಡುವಲ್ಲಿದೆ ಅಂದವರಿಗೆ 2.6. 2 ಕ್ಕಿಂತ ಕಮ್ಮಿ ಬಂದ್ರೆ ಮೊಳೆ ಬಿಗಿಯಾಗಿ ಉಜ್ತಾ ಇದೆ, ತೂತು ಸ್ವಲ್ಪ ದೊಡ್ಡದು ಮಾಡಿ ಮತ್ತೆ ಬಿಡಿ.