ಬ್ಯಾಂಕ್ ಬಡ್ಡಿಯೇ ಡಿಸ್ಕೌಂಟ್ ದರ ಆಗುತ್ತಾ?

ಪ್ರಶ್ನೆ: ಸರ್, ಕಲಬುರಗಿಯಲ್ಲಿ ನಮ್ಮದೊಂದು ತೊಗರಿ ದಾಲ್ ಮಿಲ್ಲು ಇದೆ, ಪ್ರೈವೇಟ್ ಲಿಮಿಟೆಡ್ ಕಂಪನಿ. ಕಲರ್ ಸಾರ್ಟರ್ ಸಮೇತ 1.5 ಕೋಟಿಯ ಹೊಸ ಲೈನ್ ಹಾಕಬೇಕು ಅಂತಿದ್ದೇವೆ. ಹೆಚ್ಚುಕಮ್ಮಿ ಎಲ್ಲಾ ದುಡ್ಡೂ ಬ್ಯಾಂಕೇ ಕೊಡುತ್ತದೆ, ಬಡ್ಡಿ ಶೇ 10.5. ತೆರಿಗೆ ಕಳೆದು ವರ್ಷಕ್ಕೆ 36 ಲಕ್ಷದಂತೆ 6 ವರ್ಷ ಬರುತ್ತದೆ. ಶೇ 10.5ರಲ್ಲಿ ಡಿಸ್ಕೌಂಟ್ ಮಾಡಿ, ಅಂದರೆ ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸಿ, ಹಾಕುವ 1.5 ಕೋಟಿ ಕಳೆದರೆ 4.5 ಲಕ್ಷ ಉಳಿಯುತ್ತದೆ. ಅಕೌಂಟೆಂಟ್ ಇದೇ ಸರಿ ಅಂತಾರೆ. ತಮ್ಮ ಮಾತ್ರ ಶೇ 14 ಹಾಕು ಅಂತಾನೆ. ಯಾವುದು ಹಾಕಲಿ? ಬ್ಯಾಲೆನ್ಸ್ ಶೀಟ್ ಕಳಿಸಿದ್ದೇನೆ.

ಉತ್ತರ: ನಿಮ್ಮ ತಮ್ಮನ ಮಾತೇ ಸರಿಗೆ ಹತ್ತಿರ. ಶೇ 14 ಹಾಕಿ ನೋಡಿದರೆ 4.5 ಲಕ್ಷ ಉಳಿಯುವ ಬದಲು ಸುಮಾರು 10 ಲಕ್ಷ ಕೊರತೆ ಬೀಳುತ್ತದೆ.

ಮೊದಲು ಬ್ಯಾಂಕ್ ಯಾಕೆ ಶೇ 10.5ಕ್ಕೆ ಸಾಲ ಕೊಡುತ್ತಿದೆ ಅಂತ ಯೋಚಿಸಿ. ಹೊಸ ಲೈನ್ ನೋಡಿ ಅಲ್ಲ. ಈಗಿರುವ ಮಿಲ್ಲು, ಅಡವಿಟ್ಟ ಜಾಗ, ನಿಮ್ಮ ಪರ್ಸನಲ್ ಗ್ಯಾರಂಟಿ, ಇವನ್ನೆಲ್ಲ ನೋಡಿ. ಲೈನ್ ಓಡದಿದ್ದರೂ ಬ್ಯಾಂಕಿಗೆ ಅದರ ದುಡ್ಡು ವಾಪಸ್ ಬರುತ್ತದೆ, ಪೆಟ್ಟು ಬೀಳುವುದು ಮಾಲೀಕರಿಗೆ. ಅಂದರೆ ಈ ಸಾಲದ ಹಿಂದೆ ನಿಮ್ಮ ಸ್ವಂತ ಬಂಡವಾಳ ನಿಂತಿದೆ. ಅದಕ್ಕೂ ಒಂದು ಬೆಲೆ ಇದೆ, ಆದರೆ ಅದನ್ನು ಯಾರೂ ತಿಂಗಳು ತಿಂಗಳು ಬಂದು ಕೇಳುವುದಿಲ್ಲ, ಹಾಗಾಗಿ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಇನ್ನೊಂದು ವಿಷಯ. ಸಾಲ ತೆಗೆಯುವ ನಿಮ್ಮ ಶಕ್ತಿಯನ್ನು ಈ ಲೈನಿಗೆ ಖರ್ಚು ಮಾಡಿಬಿಟ್ಟರೆ, ಮುಂದಿನ ವರ್ಷ ಗೋದಾಮು ಕಟ್ಟುವಾಗ ಬ್ಯಾಂಕ್ ಸಾಕು ಅನ್ನುತ್ತದೆ, ಆಗ ಸ್ವಂತ ದುಡ್ಡೇ ಹಾಕಬೇಕು. ಲೈನಿಗೆ ಶೇ 10.5, ಗೋದಾಮಿಗೆ ಶೇ 18 ಅಂತ ಬೇರೆ ಬೇರೆ ಅಳತೆಗೋಲು ಹಿಡಿದರೆ ಮೊದಲು ಬಂದಿದ್ದು ಸುಮ್ನೆ ಪಾಸ್ ಆಗುತ್ತದೆ, ಅಷ್ಟೇ. ಅದಕ್ಕೇ ಸಾಲ, ಸ್ವಂತ ಬಂಡವಾಳ ಎರಡನ್ನೂ ಸೇರಿಸಿ ತೂಕದ ಸರಾಸರಿ ತೆಗೆಯುವುದು, ಇದನ್ನೇ WACC ಅನ್ನುತ್ತಾರೆ.

ಈ ತೂಕ ಹಾಕುವಾಗಲೇ ಜಾಸ್ತಿ ತಪ್ಪಾಗುತ್ತದೆ. ನಿಮ್ಮ ಬ್ಯಾಲೆನ್ಸ್ ಶೀಟಿನಲ್ಲಿ ಮಾರ್ಚ್ 31ಕ್ಕೆ 5.5 ಕೋಟಿ ಸಾಲ ಇದೆ. ಆದರೆ ಮಾರ್ಚ್ ಅಂದರೆ ಹೊಸ ತೊಗರಿ ತುಂಬಿಸಿಕೊಂಡು ಗೋದಾಮಿನಲ್ಲಿ ಚೀಲ ಚಾವಣಿ ಮುಟ್ಟಿರುವ ಹೊತ್ತು, ಸ್ಟಾಕ್ ಕೊಳ್ಳಲು ಬ್ಯಾಂಕ್ ಕೊಡುವ ಸಿಸಿ ಸಾಲದ ಖಾತೆ ಲಿಮಿಟ್ಟಿನ ತುದಿಗೆ ಬಂದಿರುತ್ತದೆ. ಅಕ್ಟೋಬರಿನಲ್ಲಿ ಅದೇ ಖಾತೆ ಅರ್ಧಕ್ಕಿಂತ ಕೆಳಗಿದೆ. ನೀವು ಕಳಿಸಿದ ಸ್ಟೇಟ್‌ಮೆಂಟಿನಲ್ಲಿ 12 ತಿಂಗಳ ಬಾಕಿ ಕೂಡಿಸಿ ಭಾಗಿಸಿ, ಟರ್ಮ್ ಲೋನ್ ಸೇರಿಸಿದರೆ ಸರಾಸರಿ 4 ಕೋಟಿ ಬರುತ್ತದೆ. ತೂಕಕ್ಕೆ ಈ 4 ಕೋಟಿ ತೆಗೆದುಕೊಳ್ಳಿ.

ಸ್ವಂತ ಬಂಡವಾಳ ಪುಸ್ತಕದಲ್ಲಿ ಬರೀ 2 ಕೋಟಿ ಇದೆ. ಷೇರು ಬಂಡವಾಳ, ರಿಸರ್ವು ಸೇರಿದ ಹಳೇ ಲೆಕ್ಕ ಅದು. ಬೇಕಾದದ್ದು ಇವತ್ತಿನ ಬೆಲೆ. ಷೇರು ಮಾರುಕಟ್ಟೆಯಲ್ಲಿ ಇಲ್ಲದ ಕಂಪನಿಗೆ ಅದನ್ನು ಅಂದಾಜು ಮಾಡಿಯೇ ಹಿಡಿಯಬೇಕು. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ನಿಮ್ಮ ಗಳಿಕೆ ವರ್ಷಕ್ಕೆ 2 ಕೋಟಿ. ಇಂಥ ಮಿಲ್ಲನ್ನು ಕೊಳ್ಳುವವರು ಅದರ ಐದು ಪಟ್ಟು ಕೊಡುತ್ತಾರೆ ಅಂತ ಇಟ್ಟುಕೊಂಡರೆ ಇಡೀ ವ್ಯವಹಾರ 10 ಕೋಟಿ. ಸಾಲದ 4 ಕೋಟಿ ಕಳೆದರೆ ನಿಮ್ಮ ಪಾಲು 6 ಕೋಟಿ. ಐದು ಪಟ್ಟು ಅನ್ನುವುದು ನನ್ನ ಅಂದಾಜು, ನಿಮ್ಮ ಕಡೆ ಈಚೆಗೆ ಯಾವುದಾದರೂ ಮಿಲ್ಲು ಕೈ ಬದಲಾಗಿದ್ದರೆ ಆ ಬೆಲೆ ಕೇಳಿ ತಿದ್ದಿಕೊಳ್ಳಿ. ಮಿಲ್ಲಿಗೆ ಬಳಸದೆ ಖಾಲಿ ಬಿದ್ದಿರುವ ಸೈಟಿನ ಬೆಲೆ ಇದರಲ್ಲಿ ಸೇರಿಸಬೇಡಿ.

ಈಗ ದರ. ಸಾಲದ ಬಡ್ಡಿ ಶೇ 10.5 ಆದರೂ ಅದನ್ನು ಖರ್ಚಿನಲ್ಲಿ ತೋರಿಸಿ ತೆರಿಗೆ ಉಳಿಸುತ್ತೀರಿ. ಕಂಪನಿ 115ಬಿಎಎ ಸೆಕ್ಷನ್ನಿನ ಶೇ 22 ದರ ಆರಿಸಿಕೊಂಡಿದೆ, ಸರ್ಚಾರ್ಜು, ಸೆಸ್ಸು ಸೇರಿ ಶೇ 25.17. ಹಾಗಾಗಿ ಸಾಲದ ನಿಜವಾದ ಖರ್ಚು ಶೇ 7.86. ಸ್ವಂತ ಬಂಡವಾಳಕ್ಕೆ ಸರ್ಕಾರಿ ಬಾಂಡಿನ ಸುಮಾರು ಶೇ 7ರಿಂದ ಶುರು ಮಾಡಿ. ಷೇರಿನ ಅಪಾಯಕ್ಕೆ ಮಾರುಕಟ್ಟೆ ಕೇಳುವ ಹೆಚ್ಚುವರಿ ಇನ್ನೊಂದು ಶೇ 7 ಅಂತ ಹಿಡಿದಿದ್ದೇನೆ. ಅದನ್ನು ಬೀಟಾದಿಂದ ಗುಣಿಸಬೇಕು, ಅಂದರೆ ಮಾರುಕಟ್ಟೆ ಏರಿಳಿದಾಗ ಕಂಪನಿಯ ಷೇರು ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆಯಿಂದ. ಸಾಲವೇ ಇಲ್ಲದ ಆಹಾರ ಸಂಸ್ಕರಣಾ ಕಂಪನಿಗೆ ಬೀಟಾ 0.8 ಅಂತ ಇಟ್ಟುಕೊಂಡರೆ, ನಿಮ್ಮಲ್ಲಿ 6 ಕೋಟಿಯ ಮೇಲೆ 4 ಕೋಟಿ ಸಾಲ ಕೂತಿರುವುದರಿಂದ ಅದು 1.2 ಆಗುತ್ತದೆ. ಸಾಲ ಜಾಸ್ತಿಯಾದಷ್ಟೂ ಮಾಲೀಕರ ಪಾಲು ಜೋರಾಗಿ ಏರಿಳಿಯುತ್ತದೆ, ಅಲ್ವಾ? ಬೀಟಾ ಏರುವುದು ಅದಕ್ಕೇ. ಅಲ್ಲಿಗೆ ಶೇ 15.4. ಸಣ್ಣ ಕಂಪನಿ, ಪಾಲು ಬೇಗ ಮಾರಲಾಗದು ಅಂತ ಇನ್ನೂ ಎರಡೂವರೆ ಸೇರಿಸಿ ಶೇ 18 ಇಟ್ಟಿದ್ದೇನೆ. ಈ ಕೊನೆಯ ಸೇರ್ಪಡೆಯನ್ನು ಒಪ್ಪದ ತಜ್ಞರೂ ಇದ್ದಾರೆ. ನನಗೆ ಮಾತ್ರ ಊರಿನ ಮಿಲ್ಲಿಗೆ ಅದು ಬೇಕು ಅನಿಸುತ್ತದೆ.

```
WACC = 60% × 18% + 40% × 10.5% × (1 − 25.17%) = 13.94%
```

ಶೇ 14ರಲ್ಲಿ 6 ವರ್ಷದ 36 ಲಕ್ಷಗಳ ಇವತ್ತಿನ ಬೆಲೆ 140 ಲಕ್ಷ, ಹಾಕುವುದು 150 ಲಕ್ಷ. ಸ್ವಂತ ಬಂಡವಾಳಕ್ಕೆ ಪುಸ್ತಕದ 2 ಕೋಟಿಯನ್ನೇ ಹಿಡಿದು ಸಾಲ 4ಕ್ಕೆ ಬಂಡವಾಳ 2 ಅಂತ ತೂಕ ಹಾಕಿದ್ದರೆ ದರ ಶೇ 11.2ಕ್ಕೆ ಇಳಿದು, ಇದೇ ಲೈನ್ ಒಂದು ಲಕ್ಷ ಚಿಲ್ಲರೆ ಲಾಭ ತೋರಿಸುತ್ತಿತ್ತು. ಯೋಜನೆಯ ಸ್ವಂತ ಗಳಿಕೆ ದರ ಸುಮಾರು ಶೇ 11.5. ಸಾಲದ ಬಡ್ಡಿಗಿಂತ ಸ್ವಲ್ಪ ಮೇಲೆ, ಬಂಡವಾಳದ ಖರ್ಚಿಗಿಂತ ಕೆಳಗೆ. ಕಂತು ಕಟ್ಟಲು ತೊಂದರೆ ಬರದೇ ಇರಬಹುದು, ಆದರೆ ಮಾಲೀಕರ ದುಡ್ಡಿಗೆ ಸಿಗಬೇಕಾದಷ್ಟು ಸಿಗುವುದಿಲ್ಲ. ಇಂಥ ಯೋಜನೆಗಳೇ ಸುಲಭವಾಗಿ ಮೋಸ ಮಾಡುವುದು.

ಒಂದು ವಿಷಯ ನೋಡಿಕೊಳ್ಳಿ. 36 ಲಕ್ಷದಲ್ಲಿ ಬ್ಯಾಂಕ್ ಬಡ್ಡಿ ಕಳೆದಿರಬಾರದು, ಬಡ್ಡಿಯಿಂದ ಉಳಿಯುವ ತೆರಿಗೆಯೂ ಸೇರಿರಬಾರದು. ಎರಡೂ ದರದಲ್ಲೇ ಬಂದುಹೋಗಿವೆ. ಎಕ್ಸೆಲ್ ಶೀಟಿನಲ್ಲಿ 36 ಲಕ್ಷ ಬರುವ ಮುಂಚೆಯೇ ಬಡ್ಡಿ ಕಳೆದಿದ್ದರೆ ಅದನ್ನು ಎರಡು ಸಲ ಕಳೆದಂತೆ, ಆಗ ನನ್ನ ಉತ್ತರವೂ ಬದಲಾಗುತ್ತದೆ.

ಈ ಶೇ 14 ಈಗಿನ ಮಿಲ್ಲಿನಂಥದ್ದೇ ಕೆಲಸಕ್ಕೆ ಮಾತ್ರ. ನಾಳೆ ನಿಮ್ಮದೇ ಹೆಸರಿನ ಪ್ಯಾಕೆಟ್ ಬೇಳೆ ಮಾಡಿ ಹೈದರಾಬಾದಿನ ಅಂಗಡಿಗಳಿಗೆ ಹಾಕುವುದಾದರೆ ಅದರ ಅಪಾಯ ಬೇರೆ, ದರ ಮೇಲಕ್ಕೆ ಹೋಗಬೇಕು.

ಕೃಷಿ ಮೂಲಸೌಕರ್ಯ ನಿಧಿ ಯೋಜನೆಯಲ್ಲಿ 2 ಕೋಟಿವರೆಗಿನ ಸಾಲಕ್ಕೆ 7 ವರ್ಷದ ತನಕ ಶೇ 3 ಬಡ್ಡಿ ರಿಯಾಯಿತಿ ಇದೆ, ನಿಮ್ಮ ಲೈನಿಗೆ ಸಿಗುತ್ತದಾ ಅಂತ ಬ್ಯಾಂಕಿನಲ್ಲಿ ವಿಚಾರಿಸಿ. ಸಿಕ್ಕರೆ ಶೇ 14 ಇಳಿಸಬೇಡಿ. ರಿಯಾಯಿತಿಯ ಬೆಲೆಯನ್ನು ಬೇರೆ ಲೆಕ್ಕ ಹಾಕಿ ಕೂಡಿಸಿ. ನಿಮ್ಮ ಕೈಯಿಂದ 15 ಲಕ್ಷ ಹಾಕಿ 1.35 ಕೋಟಿ ಸಾಲ ತೆಗೆದು, ಅಸಲನ್ನು 6 ಸಮ ಕಂತಿನಲ್ಲಿ ತೀರಿಸಿದರೆ, ತೆರಿಗೆ ಕಳೆದು ಆ ರಿಯಾಯಿತಿಯ ಇವತ್ತಿನ ಬೆಲೆ ಸುಮಾರು 8 ಲಕ್ಷ. 10 ಲಕ್ಷದ ಕೊರತೆ 2 ಲಕ್ಷಕ್ಕೆ ಇಳಿಯುತ್ತದೆ. ಅಲ್ಲಿಗೆ ವರ್ಷಕ್ಕೆ 36ರ ಬದಲು ಮೂವತ್ತಾರೂವರೆ ಲಕ್ಷ ಬಂದರೆ ಲೈನ್ ಹಾಕಬಹುದು. ರಿಯಾಯಿತಿ ಸಿಗದಿದ್ದರೆ ಮೂವತ್ತೆಂಟೂವರೆಗಿಂತ ಸ್ವಲ್ಪ ಜಾಸ್ತಿ ಬೇಕು. ಆ 36 ಲಕ್ಷ ಯಾವ ವರ್ಷದ ತೊಗರಿ ದರ, ಬೇಳೆ ದರ ಇಟ್ಟು ಹಾಕಿದ್ದು ಅಂತ ತೆಗೆದು ನೋಡಿ. ಕಳೆದ ಐದಾರು ವರ್ಷಗಳ ಸರಾಸರಿ ಇಟ್ಟು ಇನ್ನೊಮ್ಮೆ ಮಾಡಿ ಕಳಿಸಿ.